ಬಾಗಿಲು ತೆರೆಯದ ಬಾವಿ

ಕೇಳಿರಪ್ಪೋ ಕೇಳಿ! ಅರಸುಮಗಳು ಹೊನ್ನಾಂಬೆ ಮೂರು ಒಗಟು ಹಾಕುತ್ತಾಳೆ. ಮೂರನ್ನೂ ಬಿಡಿಸಿದವನಿಗೆ ಅವಳನ್ನೇ ಕೊಟ್ಟು ಮದುವೆ, ಮೇಲೆ ಬೇಡಿದ್ದೊಂದು ವರ. ಒಂದು ತಪ್ಪಿದರೂ ಅವನ ತಲೆ ತೆಗೆಯುವ ಹಕ್ಕು ಅರಸರದು!

ಹೊಂಗೆಪುರದ ಬೀದಿಬೀದಿಯಲ್ಲಿ ಹೀಗೆ ಡಂಗುರ ಹೊಡೆದದ್ದೇ ತಡ, ಪೇಟ ಸುತ್ತಿಕೊಂಡು ಬಂದವರೆಷ್ಟು, ಮೀಸೆ ತಿರುವಿಕೊಂಡು ಬಂದವರೆಷ್ಟು! ಬಂದವರೆಲ್ಲ ಈಗ ಸೆರೆಮನೆಯಲ್ಲಿ ಕೂತು ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅವರಲ್ಲೊಬ್ಬ ಮೇದರ ಕೇರಿಯ ದೊಡ್ಡೀರ. ಅವನ ತಮ್ಮ ಸಣ್ಣೀರ ಅರಮನೆ ಅಂಗಳದಲ್ಲಿ ನಿಂತಲ್ಲಿ ನಿಲ್ಲಲಾರದೆ ಒದ್ದಾಡುತ್ತಿದ್ದ. ಸಂಜೆ ಎಲ್ಲರ ತಲೆ ಹೋಗುತ್ತದೆ. ಅವನಿಗೆ ಉಳಿದಿದ್ದು ಆ ಅಣ್ಣ ಒಬ್ಬನೇ.

ಅವನಿಗಿಂತ ಮೊದಲು ಒಗಟಿಗೆ ಕೂತಿದ್ದವನು ಪಕ್ಕದ ನಾಡಿನ ದಳವಾಯಿಯ ಮಗ. ಹೊನ್ನಾಂಬೆ ಅವನಿಗೆ ಮೊದಲ ಒಗಟು ಹಾಕಿದಳು. "ಒಬ್ಬ ತನ್ನ ಮನೆಯ ಜಗಲಿ ಬಿಟ್ಟು ಏಳಲಿಲ್ಲ. ಕೈಯಲ್ಲಿ ಕಿಡಿ ಇಲ್ಲ, ಕೊಳ್ಳಿ ಇಲ್ಲ. ಆದರೂ ಒಂದು ಕೇರಿ ಸುಟ್ಟು ಬೂದಿಯಾಯಿತು. ಅವನು ಮಾಡಿದ್ದೇನು?"

"ಮಾಟ ಮಾಡಿಸಿದ!" ಅಂದ ದಳವಾಯಿಯ ಮಗ. ಕಾವಲಿನವರು ಅವನ ರಟ್ಟೆ ಹಿಡಿದರು.

"ಮುಂದೆ ಯಾರಿದ್ದೀರಿ?" ಅಂದಳು ಹೊನ್ನಾಂಬೆ.

ಸಣ್ಣೀರ ಹೋಗಿ ಕೂತ. "ಅಮ್ಮಣ್ಣಿ, ಅವನು ಬಾವಿಯ ಬಾಗಿಲು ತೆಗೆಯಲಿಲ್ಲ," ಅಂದ.

ಸಭೆ ಗುಜುಗುಜು ಅಂದಿತು. ಯಾರಿಗೆ ಗೊತ್ತಿರಲಿಲ್ಲ ಹೇಳಿ! ಮೇದರ ಕೇರಿಗೆ ಬೆಂಕಿ ಬಿದ್ದಾಗ ಬಿದಿರೆಲ್ಲ ಪಟಪಟ ಸಿಡಿಯುತ್ತಿತ್ತು. ಹತ್ತಿರ ಇದ್ದದ್ದು ಸುತ್ತಲೂ ಗೋಡೆ ಕಟ್ಟಿದ ಸಾಹುಕಾರ ಮಾಚಯ್ಯನ ಬಾವಿಯೊಂದೇ. ಜನ ಗೋಡೆಯಾಚೆ ನಿಂತು ಬಾಗಿಲು ಬಡಿದರು, ಅಂಗಲಾಚಿದರು. "ನನ್ನ ಬಾವಿ, ನನ್ನ ನೀರು. ನನ್ನ ಹೂದೋಟ ತುಳಿದುಹಾಕ್ತೀರಿ," ಅಂದ ಪುಣ್ಯಾತ್ಮ. ಸಣ್ಣೀರನ ಅವ್ವ ಆ ಬೆಂಕಿಯಲ್ಲೇ ಹೋದಳು. ವಿಚಾರಣೆಗೆ ಕೂತ ಅರಸ ವೀರಕಂಠ, ಬಾವಿ ತೋಡಿಸಿದವನದೇ ನೀರು ಎಂಬ ನಾಡಿನ ಕಾನೂನು ಓದಿಸಿ, ತಪ್ಪೇ ಇಲ್ಲ ಅಂದು ಮಾಚಯ್ಯನನ್ನು ಬಿಟ್ಟುಬಿಟ್ಟಿದ್ದ. ಅರಸನೇ ಬಿಟ್ಟ ಮೇಲೆ ಅದನ್ನೊಂದು ಕೆಲಸ ಎಂದು ಈ ಅಣ್ಣತಮ್ಮಂದಿರನ್ನು ಬಿಟ್ಟು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ.

ಮಗಳಿಗೆ ಮಾತ್ರ ಅದು ನುಂಗಿದ ಮುಳ್ಳಿನಂತೆ ಚುಚ್ಚುತ್ತಿತ್ತು. ಕೇಳಿದ್ದಕ್ಕೆ ಅಪ್ಪ ಸಿಡಿದೆದ್ದಿದ್ದ. "ನನ್ನ ತೀರ್ಪಿಗೆ ಎದುರು ಮಾತಾಡುವವನು ತಲೆ ಒತ್ತೆ ಇಟ್ಟು ಮಾತಾಡಲಿ!" ಆ ಮಾತನ್ನೇ ಹಿಡಿದು ಅವಳು ಒಗಟು ಹೂಡಿದಳು, ಗೆದ್ದವನಿಗೆ ಮಗಳು ಎಂದು ಡಂಗುರ ಹೊಡೆಸಿದ್ದು ಅಪ್ಪ.

"ಸರಿ," ಅಂದಳು ಹೊನ್ನಾಂಬೆ. "ಎರಡನೆಯದು. ತೀರ್ಪು ಕೊಟ್ಟವನು ಕಾನೂನೆಲ್ಲ ಹುಡುಕಿಸಿದ, ಮುರಿದದ್ದು ಒಂದೂ ಸಿಗಲಿಲ್ಲ. ಬಾಗಿಲು ತೆಗೆಯದವನನ್ನು ಬಿಟ್ಟ. ತೀರ್ಪುಗಾರ ಮಾಡಿದ್ದು ಸರಿಯೋ ತಪ್ಪೋ?"

ಅಣ್ಣ ಸೋತದ್ದು ಇಲ್ಲೇ. "ತಪ್ಪು! ಮಾಚಯ್ಯನ ತಲೆ ತೆಗೀಬೇಕಿತ್ತು!" ಎಂದು ಕೂಗಿದ್ದ. ಸಣ್ಣೀರನಿಗೂ ಹಾಗೇ ಕೂಗಬೇಕು ಅನ್ನಿಸಿತು. ಎದುರಿಗೇ ಮಾಚಯ್ಯ ರೇಷ್ಮೆ ಶಲ್ಯ ಹೊದ್ದು ಕೂತಿದ್ದಾನೆ, ಹೊಟ್ಟೆ ಉರಿಯದೆ ಇರುತ್ತದೆಯೇ! ತುಟಿ ಕಚ್ಚಿ ಹಿಡಿದ.

"ಬಿಟ್ಟದ್ದು ಸರಿ, ಅಮ್ಮಣ್ಣಿ. ಇಲ್ಲದ ಕಟ್ಟಳೆಗೆ ಅವನನ್ನು ಶಿಕ್ಷಿಸಿದರೆ, ನಾಳೆ ಅರಸರಿಗೆ ಸಿಟ್ಟು ಬಂದಾಗ ನನ್ನನ್ನೂ ಶಿಕ್ಷಿಸಬಹುದು. ಆಗ ಸಿಟ್ಟೇ ಕಾನೂನಾಗುತ್ತದೆ. ಆದರೆ ಅರಸರು ಅಷ್ಟಕ್ಕೇ ನಿಲ್ಲಲಿಲ್ಲ. 'ಇವನು ಮಾಡಿದ್ದರಲ್ಲಿ ತಪ್ಪೇ ಇಲ್ಲ' ಅಂದುಬಿಟ್ಟರು. ಅದು ತಪ್ಪು. ಶಿಕ್ಷೆ ಇಲ್ಲ ಅನ್ನುವುದು ಬೇರೆ, ತಪ್ಪಿಲ್ಲ ಅನ್ನುವುದು ಬೇರೆ. ಕಾನೂನು ಅವನಿಗೆ ಬಾಗಿಲು ತೆಗೆ ಅನ್ನಲಿಲ್ಲ, ನಿಜ. ಮುಚ್ಚಿಕೊಂಡಿರು ಅಂತಲೂ ಅನ್ನಲಿಲ್ಲವಲ್ಲ! ಮುಚ್ಚಿಕೊಂಡಿದ್ದು ಅವನೇ. ಒಂದು ಕಡೆ ಹೂದೋಟ, ಇನ್ನೊಂದು ಕಡೆ ನಮ್ಮವ್ವನ ಜೀವ. ಅವನು ಹೂದೋಟ ಆರಿಸಿಕೊಂಡ."

ಮಾಚಯ್ಯ ಶಲ್ಯ ಸರಿಪಡಿಸಿಕೊಂಡ. ಅರಸನ ಮುಖ ಕೆಂಪಾಯಿತು.

ಹೊನ್ನಾಂಬೆ ಮುಂದಿನದಕ್ಕೆ ಬಂದಳು. "ಮೂರನೆಯದು. ಅಂಥದ್ದೇ ಇನ್ನೊಂದು ಕೆಲಸ ಈಗ ಈ ಅಂಗಳದಲ್ಲೇ ನಡೆಯುತ್ತಿದೆ. ಕಾನೂನಿಗೆ ಒಪ್ಪಿತ, ಆದರೂ ತಪ್ಪು. ಯಾವುದು ತೋರಿಸು."

ಸಣ್ಣೀರ ಅತ್ತಿತ್ತ ನೋಡಿದ. ಮೂಲೆಯಲ್ಲಿ ತಲೆ ಕಡಿಯುವ ಕಟುಕ ಕತ್ತಿ ಮಸೆಯುತ್ತಿದ್ದ, ಸರ್ ಸರ್ ಸದ್ದು. ಅಯ್ಯೋ ಶಿವನೇ, ಹೇಳಿದರೆ ಅರಸ ಉಳಿಸುತ್ತಾನೆಯೇ? ಹೇಳದಿದ್ದರೂ ಉಳಿಯುವುದಿಲ್ಲ. ಕೈಯೆತ್ತಿ ಆ ಕತ್ತಿಯನ್ನೇ ತೋರಿಸಿ ಅರಸನ ಕಡೆ ತಿರುಗಿದ.

"ಅದು, ಬುದ್ಧಿ. ಸೆರೆಯಲ್ಲಿರುವವರೆಲ್ಲ ಒಪ್ಪಿಯೇ ಬಂದು ಕೂತವರು. ಯಾರೂ ಎಳೆದು ತರಲಿಲ್ಲ. ಕಾನೂನು ನಿಮ್ಮ ಕಡೆಗಿದೆ. ಆದರೆ ಉತ್ತರ ಗೊತ್ತಿಲ್ಲದ್ದಕ್ಕೆ ಒಬ್ಬನ ಜೀವ ತೆಗೆಯುವುದುಂಟೆ?"

"ಡಂಗುರ ಹೊಡೆಸಿದ ಮಾತು!" ಅರಸ ಗುಡುಗಿದ. "ಹಿಂದೆಗೆದರೆ ನನ್ನ ಮಾತಿಗೆ ಬೆಲೆ ಏನಯ್ಯ?"

"ತಲೆ ತೆಗೆಯುವ ಹಕ್ಕಿದೆ ಅಂತ ಸಾರಿದಿರಿ, ತೆಗೆದೇ ತೀರುತ್ತೇನೆ ಅನ್ನಲಿಲ್ಲ. ಮಾಚಯ್ಯನವರಿಗೂ ಹಕ್ಕಿತ್ತು ಬುದ್ಧಿ. ನೀವೂ ಬಾಗಿಲು ಮುಚ್ಚಿಕೊಂಡೇ ಕೂರುತ್ತೀರಾ?"

ಕಟುಕ ಮಸೆಯುವುದು ನಿಲ್ಲಿಸಿದ. ಅರಸ ಮಗಳತ್ತ ನೋಡಿದ. ಸಿಂಹಾಸನದಿಂದ ಇಳಿದು ಬಂದ.

"ಮಾಚಯ್ಯ, ನಿನಗೆ ಶಿಕ್ಷೆ ಇಲ್ಲ. ಆದರೆ ನೀನು ತಪ್ಪು ಮಾಡಿದೆ. ತಪ್ಪಿಲ್ಲ ಅಂದದ್ದು ನನ್ನ ತಪ್ಪು. ಇವತ್ತಿನಿಂದ, ಬೆಂಕಿ ಬಿದ್ದರೆ ಯಾರ ಬಾವಿಯಾದರೂ ಎಲ್ಲರ ಬಾವಿ. ಇದು ಕಾನೂನು." ಮಾಚಯ್ಯ ತಲೆ ತಗ್ಗಿಸಿದ. "ನಿನ್ನ ವರ ಕೇಳಪ್ಪ ಹುಡುಗ."

"ಸೆರೆಯಲ್ಲಿರುವವರನ್ನೆಲ್ಲ ಬಿಟ್ಟುಬಿಡಿ."

"ಬಿಟ್ಟೆ. ಇನ್ನು ನನ್ನ ಮಗಳು ನಿನ್ನವಳು."

ಸಣ್ಣೀರ ತಲೆ ಕೆರೆದುಕೊಂಡ. "ಸಾರಿದ ಮಾತಿನ ಪ್ರಕಾರ ಹೌದು ಬುದ್ಧಿ. ಆದರೆ ಅಮ್ಮಣ್ಣಿಯವರನ್ನ ಯಾರಾದರೂ ಕೇಳಿದ್ದೀರಾ?"

ಹೊನ್ನಾಂಬೆ ನಕ್ಕಳು, ಕಣ್ಣಲ್ಲಿ ನೀರಿತ್ತು.

"ಯಾರೂ ಕೇಳಿರಲಿಲ್ಲ," ಅಂದಳು. "ಮೊದಲು ಅಣ್ಣನನ್ನು ಕರೆದುಕೊಂಡು ಹೋಗಿ ಅವ್ವನ ತಿಥಿಕಾರ್ಯ ಮುಗಿಸು. ಆಮೇಲೆ ಬಾ, ನೀನೇ ಕೇಳು. ಹೂಂ ಅನ್ನುತ್ತೇನೆ."