ಹತ್ತಕ್ಕೆ ಏಳೋ ಚಿದಂಬ್ರಯ್ಯ

ಮೊದ್ಲು ಆ ಒಲೆ ಮುಟ್ಟಿ ಆಣೆ ಮಾಡು, ಯಾರ ಹತ್ರಾನೂ ಬಾಯಿ ಬಿಡಲ್ಲ ಅಂತ. ನಿನ್ನ ಗಂಡನ ಹತ್ರ ಅಂತೂ ಬೇಡವೇ ಬೇಡ, ಅವನಿಗೆ ಹೇಳೋದೂ ಒಂದೇ, ಡಂಗುರ ಹೊಡೆಸೋದೂ ಒಂದೇ. ನಾನೂ ಯಾರಿಗೂ ಹೇಳಿಲ್ಲ ಕಣೇ. ಮೇಲಿನ ಬೀದಿ ಸೀತಕ್ಕನಿಗೆ ಒಂದ್ಸಲ ಹೇಳಿದ್ದೆ, ಅವಳು ಸತ್ತೋದ್ಳು, ಅದು ಲೆಕ್ಕಕ್ಕಿಲ್ಲ. ಆಯ್ತಾ ಆಣೆ? ಹಂಗಿದ್ರೆ ಕೇಳು.

ಬಹಳ ಬಹಳ ಹಿಂದೆ, ಒಂದೂರಿತ್ತಂತೆ. ಯಾವೂರು ಅಂತ ಕೇಳಬೇಡ, ಈ ಕಿಟಕೀಲಿ ಇಣುಕಿದ್ರೆ ಕಾಣೋ ಊರೇ. ಆ ಊರಲ್ಲಿ ತುಂಗಮ್ಮ ಅಂತ ಒಬ್ಬಳು ಬಡ ಹೆಂಗಸು, ಗಂಡ ಸತ್ತೋಳು, ಕಂಡೋರ ಮನೇಲಿ ಅಡಿಗೆ ಮಾಡಿ ಹೊಟ್ಟೆ ಹೊರೀತಿದ್ಳು. ಅವಳಿಗೊಬ್ಬನೇ ಮಗ, ಚಿದಂಬ್ರ. ಮುಂಜಿ ಮಾಡೋಕೆ ಕೈಯಲ್ಲಿ ಕಾಸಿಲ್ಲ. ಹುಡುಗನಿಗೆ ಮೀಸೆ ಬಂತು, ಜನಿವಾರ ಬರಲಿಲ್ಲ. ಕೊನೆಗೆ ಯಾರೋ ಪುಣ್ಯಾತ್ಮರು ತಮ್ಮ ಮಗನ ಮುಂಜಿ ಜೊತೆಗೆ ಇವನದ್ದೂ ಮುಗಿಸಿದ್ರು. ಎಂಟು ವರ್ಷದ ಮಗು ಪಕ್ಕದಲ್ಲಿ ಇಪ್ಪತ್ತು ವರ್ಷದ ಈ ಆಳು ಕೂತಿದ್ದು ನೋಡಿ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರಂತೆ.

ಜನಿವಾರ ಹಾಕಿದ್ರೆ ಸಾಕೇ? ಸಂಧ್ಯಾವಂದನೆ ಬರಬೇಕಲ್ಲ. ತುಂಗಮ್ಮನಿಗೆ ಅದೊಂದೇ ಆಸೆ. ಗಂಡ ಹೋದ ಮೇಲೆ ನಮ್ಮನೇಲಿ ಸೂರ್ಯನಿಗೆ ಒಂದು ಬೊಗಸೆ ನೀರು ಬಿಟ್ಟೋರಿಲ್ಲ ಅಂತ ಬಾವಿಕಟ್ಟೇಲಿ ಹೇಳ್ಕೊಂಡು ಅಳೋಳಂತೆ.

ಆಗ ಊರಿಗೆಲ್ಲ ದೊಡ್ಡೋರು ಅಪ್ಪಣ್ಣ ಅವಧಾನಿಗಳು. ದಿನಾ ಸಾವಿರದೆಂಟು ಗಾಯತ್ರಿ ಮಾಡ್ತಾರೆ ಅಂತಿದ್ರು ಜನ. ಅವರು ಜಪಕ್ಕೆ ಕಣ್ಣು ಮುಚ್ಚಿದ್ರೆ ಕಾಗೆ ಕೂಗಲ್ಲ ಅಂತಿದ್ರು. ಅವರ ಕಾಲಿಗೆ ಬಿದ್ದ ಚಿದಂಬ್ರ.

ಕಲಿಸೋಕೆ ಕೂತರು ಅವಧಾನಿಗಳು. ಅಬ್ಬಾ, ಏನು ಬೈಗುಳ! ಆಚಮನಕ್ಕೆ ಬಲಗೈ ಗೋವಿನ ಕಿವಿ ಹಂಗೆ ಬಗ್ಗಿರಬೇಕಂತೆ. ನಡುವಿನ ಮೂರು ಬೆರಳು ಸೇರಿಸಿ ಮಡಿಸಿ, ಹೆಬ್ಬೆರಳು ಕಿರುಬೆರಳು ಬಿಡಿಸಿ. ಅಂಗೈಗೆ ಬೀಳೋ ನೀರು ಒಂದು ಉದ್ದಿನ ಕಾಳು ಮುಳುಗೋವಷ್ಟು, ಹೆಚ್ಚಲ್ಲ ಕಮ್ಮಿಯಲ್ಲ. ಕೇಶವಾಯ ಸ್ವಾಹಾ, ನಾರಾಯಣಾಯ ಸ್ವಾಹಾ, ಮಾಧವಾಯ ಸ್ವಾಹಾ, ಮೂರು ಸಲ, ಹೆಬ್ಬೆರಳ ಬುಡದಿಂದ, ಸದ್ದಿಲ್ಲದೆ. ಇವನು ಸುರ್ ಅಂತ ಹೀರಿದ. “ಏನಯ್ಯಾ, ನಿಮ್ಮಮ್ಮನ ಸಾರು ಅಂದ್ಕೊಂಡ್ಯಾ?” ಅಂದ್ರಂತೆ ಅವಧಾನಿಗಳು. ಇವನು ಮನೆಗೆ ಬಂದು, ಡಬ್ಬಿಯಿಂದ ಒಂದು ಉದ್ದಿನ ಕಾಳು ತಗೊಂಡು, ಅಂಗೈಲಿಟ್ಟು, ಉದ್ಧರಣೇಲಿ ಹನಿ ಹನಿ ನೀರು ಬಿಟ್ಟು ಅಳತೆ ಕಲಿತ. ತುಂಗಮ್ಮ ಪಕ್ಕ ಕೂತು ನೋಡೋಳು. “ಮುಳುಗ್ತು ಮುಳುಗ್ತು, ಸಾಕು ಮಗಾ” ಅನ್ನೋಳು.

ಹಂಗೇ ಒಂದೊಂದಾಗಿ ಬಂತು. ಮೂಗು ಹಿಡಿದು ಪ್ರಾಣಾಯಾಮ. ಸಂಕಲ್ಪ. ಆಪೋ ಹಿ ಷ್ಠಾ ಅಂತ ತಲೆ ಮೇಲೆ ನೀರು ಚಿಮುಕಿಸ್ಕೊಳ್ಳೋದು. ಆಮೇಲೆ ಸಂಜೆಗೆ ಅಗ್ನಿಶ್ಚ ಅಂತ ಒಂದು ಮಂತ್ರ ಹೇಳಿ ಮತ್ತೆ ನೀರು ಕುಡೀಬೇಕು. ಹಗಲಲ್ಲಿ ಮನಸ್ಸಿಂದ, ಮಾತಿಂದ, ಕೈಯಿಂದ, ಕಾಲಿಂದ ಮಾಡಿದ ಪಾಪ ಹಗಲೇ ತೊಳೀಲಿ ಅಂತ ಅದರರ್ಥವಂತೆ. ಬೆಳಿಗ್ಗೆಗೆ ಬೇರೆ, ಸೂರ್ಯಶ್ಚ ಅಂತ. ಅದು ರಾತ್ರಿ ಪಾಪಕ್ಕೆ. ಆಮೇಲೆ ಪಡುವಣಕ್ಕೆ ಮುಖ ಮಾಡಿ, ಎರಡೂ ಕೈ ಜೋಡಿಸಿ, ಹೆಬ್ಬೆರಳು ದೂರ ಇಟ್ಟು, ಗಾಯತ್ರಿ ಹೇಳಿ, ಬೆರಳ ತುದಿಯಿಂದ ಮೂರು ಅರ್ಘ್ಯ. ಸೂರ್ಯ ಇನ್ನೂ ಕಾಣ್ತಿರುವಾಗಲೇ ಬಿಡಬೇಕು, ಹೊತ್ತು ಮೀರಿದ್ರೆ ತಪ್ಪಿಗೆ ಇನ್ನೊಂದು. ಸಂಜೆಗೆ ಸೂರ್ಯನ ನುಂಗೋಕೆ ಮಂದೇಹರು ಅನ್ನೋ ರಾಕ್ಷಸರು ಬರ್ತಾರಂತೆ, ಈ ನೀರೇ ಅವರಿಗೆ ವಜ್ರಾಯುಧ ಅಂತೆ. ಚಿದಂಬ್ರ ಅದನ್ನ ಪೂರ್ತಿ ನಂಬಿದ. ಹೊತ್ತಾಗಿ ಕಲಿತೋರು ಹಂಗೇ ಅಲ್ವೇ, ಎಲ್ಲಾನೂ ನಂಬ್ತಾರೆ.

ಕಡೆಗೆ ಜಪ. ಕೈ ಮೇಲೆ ಬಟ್ಟೆ ಮುಚ್ಚಿ, ಉಂಗುರದ ಬೆರಳ ನಡುಗೆಣ್ಣಿಂದ ಕೆಳಗಿಳಿದು, ಕಿರುಬೆರಳು ಹತ್ತಿ, ತುದಿ ದಾಟಿ, ತೋರುಬೆರಳ ಬುಡಕ್ಕೆ ಬಂದ್ರೆ ಹತ್ತು. ಹಂಗೆ ನೂರೆಂಟು. “ಕೂತಮೇಲೆ ಮನೆಗೆ ಬೆಂಕಿ ಬಿದ್ರೂ ಏಳಕೂಡದು, ಮಾತಾಡಕೂಡದು” ಅಂದ್ರು ಅವಧಾನಿಗಳು. ಅಷ್ಟೇ ಹೇಳಿದ್ರು. ಹೇಳದೇ ಇದ್ದದ್ದೂ ಒಂದಿತ್ತು, ಅದಕ್ಕೇ ನಿನ್ನ ಹತ್ರ ಆಣೆ ಮಾಡಿಸ್ಕೊಂಡಿದ್ದು.

ಆ ವರ್ಷ ತುಂಗಮ್ಮ ಹಾಸಿಗೆ ಹಿಡಿದ್ಳು. ಬಿಟ್ಟು ಬಿಟ್ಟು ಜ್ವರ, ಮೈಯಲ್ಲಿ ಎಲುಬು ಬಿಟ್ರೆ ಬೇರೇನಿಲ್ಲ. ಔಷಧಿ ಕೊಟ್ಟೋರು ಕೈ ಚೆಲ್ಲಿದ್ರು. ಚಿದಂಬ್ರ ಅವಧಾನಿಗಳ ಹತ್ರ ಓಡಿದ. ಅವರು ನಶ್ಯ ಏರಿಸ್ಕೊಂಡು, ಒಂದು ಮಂಡಲ ಮಾಡು ಅಂದ್ರಂತೆ. ನಲವತ್ತೆಂಟು ದಿನ, ಮೂರು ಹೊತ್ತು, ಒಂದು ಅಕ್ಷರ ತಪ್ಪದೆ, ಒಂದ್ಸಲಾನೂ ನಡುವೆ ಏಳದೆ. ನಿಮ್ಮಮ್ಮ ಎದ್ದು ಕೂತ್ಕೋತಾಳೆ ಅಂದ್ರಂತೆ.

ಮಾಡಿದ. ದೇವರಾಣೆ ಮಾಡಿದ. ನಲವತ್ಮೂರನೇ ದಿನದವರೆಗೂ ಒಂದು ಹನಿ ಆಚೀಚೆ ಆಗಲಿಲ್ಲ ಅಂತಾರೆ.

ಆವತ್ತು ಸಂಜೆ ಹಿತ್ತಲ ಜಗಲೀಲಿ ಮಣೆ ಹಾಕ್ಕೊಂಡು ಕೂತ. ಒಳಗೆ ನಡುಮನೇಲಿ ತುಂಗಮ್ಮ. ಸೂರ್ಯ ಕೆಂಪಾಗಿ ಇನ್ನೂ ಒಂದು ಗೇಣು ಮೇಲಿದ್ದ. ಮೂರು ಅರ್ಘ್ಯ ಬಿಟ್ಟ. ಜಪಕ್ಕೆ ಬೆರಳು ಮುಚ್ಚಿದ. ಇಪ್ಪತ್ತಕ್ಕೋ ಮೂವತ್ತಕ್ಕೋ ಬಂದಿದ್ದ, ಒಳಗಿಂದ ದನಿ ಬಂತು.

“ಚಿದಂಬ್ರಾ, ಒಂದು ಗುಟುಕು ನೀರು ಕೊಡಪ್ಪಾ.”

ಬೆರಳು ನಿಂತಿತು. ಮುಂದೆ ಪಂಚಪಾತ್ರೆ ತುಂಬ ನೀರು. ಎದ್ರೆ ಹತ್ತು ಹೆಜ್ಜೆ. ಆದ್ರೆ ಎದ್ರೆ ಮಂಡಲ ಮುರೀತು, ಮುರಿದ್ರೆ ಅಮ್ಮ ಉಳಿಯಲ್ಲ. ಅಮ್ಮನಿಗೋಸ್ಕರಾನೇ ಕೂತಿದ್ದೀನಿ, ಇನ್ನು ಐದೇ ದಿನ, ಸ್ವಲ್ಪ ತಡ್ಕೋ ಅಮ್ಮಾ ಅಂತ ಮನಸ್ಸಲ್ಲೇ ಅಂದ್ಕೊಂಡ. ಬೇಗ ಬೇಗ ಹೇಳಿದ. ಬೇಗ ಹೇಳಿದ್ದಕ್ಕೆ ಒಂದು ಅಕ್ಷರ ನುಂಗಿಹೋಯ್ತು. ನುಂಗಿದ್ದಕ್ಕೆ ಮತ್ತೆ ಒಂದರಿಂದ ಶುರು ಮಾಡಿದ.

ಎರಡನೇ ಸಲ ಕೂಗಿದ್ಳಂತೆ. ಪಕ್ಕದ ಮನೇಲಿ ನಮ್ಮಜ್ಜಿಯ ಅಜ್ಜಿ ಇದ್ಳು, ಅವಳಿಗೂ ಕೇಳಿಸ್ತಂತೆ. ಮಗ ಮನೇಲೇ ಇದ್ದಾನಲ್ಲ ಅಂತ ಸುಮ್ಮನಾದ್ಳಂತೆ. ಮೂರನೇ ಸಲ ತುಂಗಮ್ಮ ಮಗನ್ನ ಕೂಗಲಿಲ್ಲ. ಸತ್ತುಹೋದ ತನ್ನ ತಾಯಿನ ಕೂಗಿದ್ಳು. “ಅವ್ವಾ, ನೀರು” ಅಂದ್ಳು. ಆಮೇಲೆ ಸದ್ದಿಲ್ಲ. ಚಿದಂಬ್ರನಿಗೆ ಸಮಾಧಾನ ಆಯ್ತಂತೆ, ನಿದ್ದೆ ಬಂತು ಪಾಪ ಅಂತ.

ನೂರೆಂಟು ಮುಗಿಸಿದ. ಎದ್ದು ನಿಂತು ವರುಣನ ಮಂತ್ರ ಹೇಳಿದ. ಕಿವಿ ಮುಟ್ಟಿ ಗೋತ್ರ, ಪ್ರವರ, ಹೆಸರು ಹೇಳಿ ನಮಸ್ಕಾರ ಮಾಡಿದ. ಕಾಯೇನ ವಾಚಾ ಅಂತ ಎಲ್ಲಾನೂ ದೇವರಿಗೊಪ್ಪಿಸಿ ನೀರು ಬಿಟ್ಟ. ಕಡೇ ಆಚಮನಾನೂ ಮಾಡಿದ, ಸದ್ದಿಲ್ಲದೆ. ಆಮೇಲೆ ಮಿಕ್ಕ ನೀರು ತಗೊಂಡು ಓಡಿದ. ಉದ್ಧರಣೇಲಿ ಬಾಯಿಗೆ ಬಿಟ್ಟ. ನೀರು ಕಟವಾಯಿಂದ ಇಳಿದು ಕಿವಿ ಹತ್ರ ಹೋಯ್ತು. ಇನ್ನೊಂದು ಬಿಟ್ಟ. ಅದೂ ಇಳೀತು. ಪಂಚಪಾತ್ರೆ ಬರಿದಾಗೋವರೆಗೂ ಬಿಡ್ತಾನೇ ಇದ್ದ ಅಂತಾರೆ.

ಅವಧಾನಿಗಳು ಹೆಣ ಎತ್ತೋಕೆ ಬರಲಿಲ್ಲ, ಕಾಲು ನೋವು ಅಂದ್ರು. ಕರ್ಮ ಮಾಡಿಸೋಕೆ ಪರವೂರಿಂದ ಒಬ್ಬ ಪುರೋಹಿತ ಬಂದ. ಮೈಲಿಗೆ ಹತ್ತು ದಿನ ಅರ್ಘ್ಯದವರೆಗೆ ಮಾತ್ರ ಮಾಡು, ಜಪ ಇಲ್ಲ ಅಂದ. ಚಿದಂಬ್ರ ಆವತ್ತಿನ ಸಂಜೆ ಕಥೆ ಹೇಳ್ಕೊಂಡ. ಪುರೋಹಿತ ಹಣೆ ಹಣೆ ಬಡ್ಕೊಂಡ. “ಯಾರಯ್ಯಾ ನಿನಗೆ ಹಿಂಗೆ ಕಲಿಸಿದ್ದು? ಕಷ್ಟಕಾಲಕ್ಕೆ ಹತ್ತು ಸಾಕು ಅಂತ ಶಾಸ್ತ್ರಾನೇ ಹೇಳುತ್ತೆ. ಎದ್ದು ನೀರು ಕೊಟ್ಟು, ಬಂದು ಆಚಮನ ಮಾಡಿ ಮತ್ತೆ ಕೂತಿದ್ರೆ ಏನಾಗ್ತಿತ್ತು?”

ಚಿದಂಬ್ರ ಒದ್ದೆ ಪಂಚೇಲೇ ಹೋದ ಅವಧಾನಿಗಳ ಬಾಗಿಲಿಗೆ. ಮೈಲಿಗೆಯೋನು, ಒಳಗೆ ಹೋಗಲಿಲ್ಲ, ಅಂಗಳದಲ್ಲೇ ನಿಂತ. ಹತ್ತು ಸಾಕು ಅನ್ನೋದು ನಿಮಗೆ ಗೊತ್ತಿತ್ತಾ ಅಂತ ಕೇಳಿದ.

“ಹತ್ತು ಸಾಕು ಅಂತ ಹೇಳಿಬಿಟ್ರೆ ನೂರೆಂಟು ಯಾರು ಮಾಡ್ತಾರೋ?” ಅಂದ್ರಂತೆ ಅವಧಾನಿಗಳು.

“ತಾವು ಎಷ್ಟು ಮಾಡ್ತೀರಿ?”

ಅವರು ನಶ್ಯದ ಡಬ್ಬಿ ತಡಕಿದ್ರು. ಅಡಿಗೆಮನೆಯಿಂದ ಅವರ ಹೆಂಡತಿ ಅಂದ್ಳಂತೆ, “ಹತ್ತೇ ಕಣಪ್ಪಾ. ಸಾರು ಕುದೀತಿದ್ರೆ ಅದೂ ಅನುಮಾನ.” ಇದನ್ನ ಗೋಡೆ ಮೇಲಿಂದ ಕೇಳಿಸ್ಕೊಂಡಿದ್ದು ನಮ್ಮಜ್ಜಿಯ ಅಜ್ಜಿನೇ. ಬೇರೆ ಯಾರಿಗೂ ಗೊತ್ತಿಲ್ಲ.

ಆಮೇಲಿಂದು ಎಲ್ಲರೂ ಹೇಳೋ ಕಥೆ. ಚಿದಂಬ್ರ ಚಿದಂಬ್ರಯ್ಯ ಆದ. ಸಂಜೆ ಹೊತ್ತಿಗೆ ಪಂಚಪಾತ್ರೆ ಹಿಡಿದು, ಯಾವ ಜಾತಿ ಏನು ಅಂತ ನೋಡದೆ, ಕಾಯಿಲೆ ಇರೋ ಮನೆಗೆಲ್ಲ ಹೋಗಿ ನೀರು ಕುಡಿಸ್ತಿದ್ದ. ಅವನು ಕೊಟ್ಟ ನೀರಿಗೆ ಜ್ವರ ಇಳೀತಿತ್ತು ಅಂತಾರೆ. ಸತ್ತಿದ್ದ ಮಗು ಕಣ್ಣು ಬಿಡ್ತು ಅಂತಾರೆ. ಅವನು ಅರ್ಘ್ಯ ಬಿಡೋವರೆಗೂ ಸೂರ್ಯ ಕಾಯ್ತಿದ್ದ ಅಂತಾರೆ. ಅಂತಾರೆ ಬಿಡು, ಜನಕ್ಕೇನು. ನಮ್ಮಜ್ಜಿಯ ಅಜ್ಜಿ ಕಂಡಿದ್ದು ಬೇರೆ. ದಿನಾ ಜಪಕ್ಕೆ ಕೂರೋನು, ಹತ್ತಕ್ಕೆ ಸರಕ್ಕನೆ ಏಳೋನು, ನಡುಮನೆಗೆ ಓಡಿ ಖಾಲಿ ಹಾಸಿಗೆ ನೋಡೋನು, ಬಂದು ಕೈಕಾಲು ತೊಳೆದು ಮತ್ತೆ ಒಂದರಿಂದ. ಹನ್ನೊಂದು ಅನ್ನೋದನ್ನ ಅವನು ಸಾಯೋವರೆಗೂ ಎಣಿಸಲಿಲ್ಲ.

ಅಗ್ನಿಶ್ಚ ಮಂತ್ರಕ್ಕೆ ಬಂದಾಗ ಕೈಯಲ್ಲಿ ನೀರು ಹಿಡಿದು ಹಂಗೇ ಕೂತಿರೋನಂತೆ. ಕುಡಿಯೋ ಮಾರಾಯ ಅಂದ್ರೆ ಕೇಳೋನಂತೆ: ಹಗಲ ಪಾಪ ಈಗ ತೊಳೀತು. ರಾತ್ರಿ ಪಾಪಕ್ಕೆ ಬೆಳಿಗ್ಗೆ ಮಂತ್ರ ಇದೆ. ನಾನು ಮಾಡಿದ್ದು ಸಂಧ್ಯೆಯೊಳಗೇ ಕೂತು. ಅದು ಹಗಲೂ ಅಲ್ಲ, ರಾತ್ರಿನೂ ಅಲ್ಲ. ಅದಕ್ಕೆ ಯಾವ ನೀರು ಕುಡೀಲಿ? ದೊಡ್ಡ ದೊಡ್ಡ ಪಂಡಿತರನ್ನ ಕೇಳಿದನಂತೆ. ಮದುವೆ ಇಲ್ಲ, ಮಕ್ಕಳಿಲ್ಲ, ಅವನಿಗೆ ನೀರು ಬಿಡೋರೂ ಇಲ್ಲದೆ ಹೋದ. ಸಾಯೋವಾಗ ಬಾಯಿಗೆ ಗಂಗಾಜಲ ಹಾಕಿದ್ರೆ ಹಲ್ಲು ಕಚ್ಚಿಕೊಂಡನಂತೆ, ಬೇಡ ಅಂತ.

ಅದಕ್ಕೇ ನೋಡು, ಈಗಲೂ ಈ ಊರಲ್ಲಿ ಸಂಜೆ ಮಣೆ ಹಾಕ್ಕೊಳ್ಳೋ ಗಂಡಸು ಮೊದಲು ನಡುಮನೆ ಕಡೆ ತಿರುಗಿ, “ಯಾರಿಗಾದ್ರೂ ನೀರು ಬೇಕೇನಮ್ಮಾ?” ಅಂತ ಮೂರು ಸಲ ಕೇಳ್ತಾನೆ. ಬೇಡ ಅಂತ ಒಳಗಿಂದ ದನಿ ಬರೋವರೆಗೂ ಆಚಮನ ಇಲ್ಲ. ಮನೇಲಿ ಯಾರೂ ಇಲ್ಲದಿದ್ರೂ ಕೇಳ್ತಾರೆ. ಆಗ ಒಂದು ಲೋಟ ನೀರು ಒಳಗಿಟ್ಟು ಬಂದು ಕೂರ್ತಾರೆ. ಅವಧಾನಿಗಳ ಮನೆತನದಲ್ಲೂ ಕೇಳ್ತಾರೆ, ಎಲ್ಲರಿಗಿಂತ ಗಟ್ಟಿಯಾಗಿ. ಈ ಪದ್ಧತಿ ಹಾಕಿಕೊಟ್ಟಿದ್ದೇ ನಮ್ಮ ಹಿರೀಕರು, ಚಿದಂಬ್ರಯ್ಯನಿಗೆ ಕಲಿಸಿದ್ದೇ ಅವರು ಅಂತ ಬೀಗೋದು ಬೇರೆ. ಒಂದಿನ ಅವರ ಮುಖಕ್ಕೆ ಹೇಳಬೇಕು ಅನ್ಸುತ್ತೆ ಕಣೇ, ನಿಮ್ಮ ಮುತ್ತಾತ ಒಂದು ಮಾತು ಹೇಳಿದ್ದಿದ್ರೆ ಆ ತುಂಗಮ್ಮ ಬಾಯಾರಿ—

ಶ್. ಬಾಗಿಲು. ಅಯ್ಯೋ, ಅವಧಾನಿ ಮನೆ ಸೊಸೆ ಕಣೇ, ಮೊಸರಿಗೆ ಹೆಪ್ಪು ಕೇಳೋಕೆ ಬಂದಿರ್ತಾಳೆ. ಮುಖ ಒರೆಸ್ಕೋ, ಅತ್ತಂಗೆ ಕಾಣ್ತಿದ್ದೀಯಾ. ಬಾಮ್ಮಾ, ಬಾ, ಈಗ ತಾನೇ ನಿಮ್ಮನೆಯೋರನ್ನೇ ಹೊಗಳ್ತಿದ್ವಿ—