ನಾಲ್ಕು ಮದುವೆ, ಒಂದೇ ಒಕ್ಕಣೆ

“ಗುರುಗಳೇ, ಎಲ್ಲರನ್ನೂ ಸಮನಾಗಿ ಕಾಣು ಎನ್ನುತ್ತೀರಿ. ಹಾಗಾದರೆ ಎಲ್ಲರೊಡನೆಯೂ ಒಂದೇ ರೀತಿಯಲ್ಲಿ, ಒಂದೇ ಮರ್ಯಾದೆಯಿಂದ ಮಾತಾಡಿದರೆ ಸಾಲದೇ?” ಎಂದು ಶಿಷ್ಯ ಚನ್ನವೀರ ಕೇಳಿದ.

ಗುರುಗಳು ನಕ್ಕರು. “ನಿನ್ನ ಹಾಗೆಯೇ ಯೋಚಿಸಿದವನೊಬ್ಬನಿದ್ದ. ಒಳ್ಳೆಯವನೇ. ಇಂಥ ತಪ್ಪು ಒಳ್ಳೆಯವರಿಂದಲೇ ಆಗುವುದು. ಕೇಳು” ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗುಮಾಸ್ತನಿದ್ದ. ಅಚ್ಚುಕೂಟವೊಂದರಲ್ಲಿ ಅವನ ಕೆಲಸ. ಅಕ್ಷರ ಮುತ್ತಿನಂತಿತ್ತು, ನಾಲಿಗೆ ಮಾತ್ರ ಸಡಿಲ. ಒಂದು ವೈಶಾಖದಲ್ಲಿ ಅವನಿಗೆ ಬೇಕಾದ ನಾಲ್ವರ ಮದುವೆ ಒಟ್ಟಿಗೇ ಬಂತು. ಅಚ್ಚುಕೂಟದ ಮಾಲೀಕರು, ಪಕ್ಕದ ಮನೆಯವನು, ಚಿಕ್ಕಪ್ಪನ ಮಗಳು, ಮತ್ತೆ ಅವನ ಜೊತೆಯಲ್ಲಿ ಓದಿದ ಗೆಳೆಯ.

ಮಾಲೀಕರಿಗೆ ನಲವತ್ತು ದಾಟಿತ್ತು. ಮದುವೆ ಗೊತ್ತಾದ ಸುದ್ದಿ ತಿಳಿದು ಕೆಲಸಗಾರರೆಲ್ಲ ಹಾರ ಹಿಡಿದು ಅವರ ಕೋಣೆಗೆ ಹೋದರು. ಎಲ್ಲರೂ ಕೈಮುಗಿದು ಒಂದೊಂದು ಮಾತಾಡಿದರು. ನಮ್ಮ ಗುಮಾಸ್ತ ಸಂತೋಷ ತಡೆಯಲಾರದೆ, “ಅಂತೂ ಸಿಕ್ಕಿಬಿದ್ರಿ ಸಾರ್! ಇಷ್ಟು ದಿನ ಯಾಕೆ ತಡ ಮಾಡಿದ್ರಿ? ಇನ್ಮೇಲೆ ನಿಮಗೂ ಒಬ್ರು ಯಜಮಾನ್ರು!” ಎಂದುಬಿಟ್ಟ. ಯಾರೂ ನಗಲಿಲ್ಲ. ಮಾಲೀಕರು ಹಾರವನ್ನು ಮೇಜಿನ ಮೇಲಿಟ್ಟು ಕಾಗದಪತ್ರ ನೋಡತೊಡಗಿದರು.

ಹಿರಿಯ ಗುಮಾಸ್ತ ಅವನನ್ನು ಹೊರಗೆ ಕರೆದು ಬುದ್ಧಿ ಹೇಳಿದ. “ದೊಡ್ಡವರ ಹತ್ರ ಎರಡೇ ಮಾತು ಕಣಯ್ಯ. ಕೇಳಿ ಸಂತೋಷವಾಯ್ತು ಅನ್ನು, ಇಬ್ಬರಿಗೂ ಒಳ್ಳೇದಾಗ್ಲಿ ಅಂತ ಹಾರೈಸು, ಬಂದ್ಬಿಡು. ತಡ ಯಾಕಾಯ್ತು, ಹುಡುಗಿ ಹೇಗಿದಾಳೆ ಅಂತ ಕೇಳಬಾರದು. ಆಶೀರ್ವಾದ ಮಾಡೋಕೆ ನೀನು ಅವರಿಗಿಂತ ಹಿರಿಯನಲ್ಲ. ಅತಿಯಾಗಿ ಹೊಗಳಿದ್ರೆ ಸಂಬಳ ಜಾಸ್ತಿ ಕೇಳೋಕೆ ಬಂದಿದಾನೆ ಅಂದ್ಕೋತಾರೆ.”

ಗುಮಾಸ್ತನಿಗೆ ನಾಚಿಕೆಯಾಯಿತು. ಅಂದೇ ಕೂತು ಒಂದು ಪತ್ರ ಬರೆದ. ‘ತಮ್ಮ ವಿವಾಹದ ವಾರ್ತೆ ತಿಳಿದು ಬಹಳ ಸಂತೋಷವಾಯಿತು. ತಮಗೂ ತಮ್ಮ ಶ್ರೀಮತಿಯವರಾಗಲಿರುವವರಿಗೂ ಸಕಲ ಸನ್ಮಂಗಳ ಉಂಟಾಗಲೆಂದು ಹಾರೈಸುತ್ತೇನೆ. ಇಂತು ತಮ್ಮ ವಿಧೇಯ.’ ಮಾಲೀಕರು ಅದನ್ನು ಓದಿ ತಲೆದೂಗಿದರು. ಮರುದಿನ ಅವನನ್ನು ಹೆಸರು ಹಿಡಿದು ಮಾತಾಡಿಸಿದರು.

ಬೆಂಕಿಯಲ್ಲಿ ಕೈ ಸುಟ್ಟುಕೊಂಡವನು ಅವನು. ಈ ಒಕ್ಕಣೆ ಯಾರನ್ನೂ ನೋಯಿಸುವುದಿಲ್ಲ ಎಂದುಕೊಂಡು ಅದನ್ನೇ ಇನ್ನೂ ಮೂರು ಹಾಳೆಗಳಲ್ಲಿ ಬರೆದ, ಒಂದಕ್ಷರವೂ ಬದಲಿಸದೆ. ಮರ್ಯಾದೆ ಹೆಚ್ಚಾದರೆ ನಷ್ಟವೇನು ಎಂಬುದು ಅವನ ಲೆಕ್ಕ.

ಪಕ್ಕದ ಮನೆಯವನಿಗೆ ಬರೆದದ್ದನ್ನು ಅವರ ಬಾಗಿಲ ಸಂದಿಯಲ್ಲಿ ತೂರಿಸಿ ಬಂದ. ಸಂಜೆ ಆ ಮನೆಯ ತಾಯಿ ಪತ್ರ ಹಿಡಿದುಕೊಂಡೇ ಬಂದರು. “ನಡುವೆ ಇರೋದೊಂದು ಗೋಡೆ. ಅದಕ್ಕೂ ಕಾಗದ ಬರೀತೀರಲ್ಲಪ್ಪ, ನಮ್ಮಿಂದ ಏನು ತಪ್ಪಾಯ್ತು?” ಎಂದರು. ಗುಮಾಸ್ತನ ಹೆಂಡತಿ ಜಾಣೆ. “ತಪ್ಪು ತಿಳೀಬೇಡಿ ಅಮ್ಮಾ. ನಿಮ್ಮ ಮನೆ ಮದುವೆ ಅಂದ್ರೆ ನಮ್ಮದೂ ಅಲ್ವಾ? ಮುಂದಿನ ಕೋಣೆ ಖಾಲಿ ಮಾಡ್ಕೊಡ್ತೀವಿ, ನೆಂಟರು ಅಲ್ಲೇ ಮಲಗಲಿ. ನೀರು ಬಂದಾಗ ನಿಮ್ಮ ಹಂಡೆಗೂ ತುಂಬಿಸ್ತೀನಿ” ಎಂದಳು. ಆ ತಾಯಿಯ ಮುಖ ಅರಳಿತು. ಪಕ್ಕದ ಮನೆಯವರು ಕಾದಿದ್ದ ಶುಭಾಶಯ ಅದೇ ಆಗಿತ್ತು. ಚಪ್ಪರ ಹಾಕುವ ದಿನ ಗುಮಾಸ್ತ ತಾನೇ ಹೋಗಿ ತೋರಣ ಕಟ್ಟಿದ.

ಚಿಕ್ಕಪ್ಪನ ಮಗಳೆಂದರೆ ನಮ್ಮಲ್ಲಿ ತಂಗಿಯೇ. ಅವಳು ಪತ್ರ ಓದಿ ಬಿದ್ದು ಬಿದ್ದು ನಕ್ಕಳಂತೆ. ನಕ್ಕು, ಉತ್ತರವನ್ನೂ ಬರೆದಳು. ‘ಅಣ್ಣಾ, ಯಾರಿಗೋ ಬರೆದ ಕಾಗದ ನನಗೆ ಬಂದಿದೆ. ನನಗೆ ಶ್ರೀಮತಿಯಂತೆ, ನೀನು ವಿಧೇಯನಂತೆ! ನನ್ನ ಕಾಗದ ಬೇರೆ ಕಳಿಸು. ಅದರಲ್ಲಿ ನೂರು ಕಾಲ ಚೆನ್ನಾಗಿ ಬಾಳು ಪುಟ್ಟಿ ಅಂತ ಇರಬೇಕು. ಅತ್ತೆಮನೇಲಿ ಬಾಯಿ ಮಾಡಬೇಡ ಅಂತ ಬೈದೂ ಇರಬೇಕು. ಎರಡು ದಿನ ಮುಂಚೆ ಬರದಿದ್ರೆ ನಾನು ಹಸೆಗೆ ಕೂರೋದೇ ಇಲ್ಲ.’ ಗುಮಾಸ್ತ ಹಾಗೆಯೇ ಬರೆದ. ಬರೆಯುವಾಗ ಅವನ ಕಣ್ಣು ತುಂಬಿತು. ಎರಡು ದಿನ ಮುಂಚೆಯೇ ಹೋದ.

ಇನ್ನುಳಿದವನು ಗೆಳೆಯ.



ಅವನೂ ಗುಮಾಸ್ತನೂ ನಾಲ್ಕನೆಯ ತರಗತಿಯಿಂದ ಒಂದೇ ಬೆಂಚಿನವರು. ಇಬ್ಬರಿಗೂ ಸೇರಿ ಒಂದೇ ಮಸಿಕುಡಿಕೆ. ಹುಣಸೆಹಣ್ಣು ಸಿಕ್ಕರೆ ಒಬ್ಬ ಚೀಪಿ ಇನ್ನೊಬ್ಬನಿಗೆ ಕೊಡುತ್ತಿದ್ದ. ಗೆಳೆಯ ದಪ್ಪಗಿದ್ದ, ಅವನು ಕುಂಬಳ. ಗುಮಾಸ್ತನದು ಕೀರಲು ಧ್ವನಿ, ಅವನು ಪೀಪಿ. ಅಪ್ಪ ಅಮ್ಮ ಇಟ್ಟ ಹೆಸರನ್ನು ಇಬ್ಬರೂ ಬಳಸಿದ್ದೇ ಇಲ್ಲ. ಒಮ್ಮೆ ಶಾಲೆಯ ಮುಂದೆ ಮದುವೆಯ ಮೆರವಣಿಗೆ ಹೋಯಿತು. ಮದುಮಗನ ಪಕ್ಕದಲ್ಲಿ ಒಬ್ಬ ಜರತಾರಿ ಪೇಟ ಕಟ್ಟಿಕೊಂಡು ಮದುಮಗನಿಗಿಂತ ಜಂಬದಿಂದ ಕೂತಿದ್ದ. ಅದನ್ನು ನೋಡಿ ಇಬ್ಬರೂ ಮಾತು ಕೊಟ್ಟುಕೊಂಡರು. ನಿನ್ನ ಮೆರವಣಿಗೆಯಲ್ಲಿ ನಿನ್ನ ಪಕ್ಕ ನಾನು, ನನ್ನದರಲ್ಲಿ ನೀನು. ಗುಮಾಸ್ತನ ಮದುವೆಯಲ್ಲಿ ಕುಂಬಳ ಬಂದು ಕೂತಿದ್ದ. ಹುಡುಗಿಯ ಮನೆಯವರ ಎದುರಿಗೇ, “ಲೋ ಪೀಪಿ, ಪಾಪ ಆ ಹೆಣ್ಣು ನಿನ್ನ ಧ್ವನಿ ಇನ್ನೂ ಕೇಳಿಲ್ಲ ಅನ್ಸುತ್ತೆ” ಎಂದು ಕಾಡಿದ್ದ. ಗುಮಾಸ್ತನಿಗೆ ಆ ದಿನ ಬಂದ ಉಡುಗೊರೆಗಳಲ್ಲಿ ಅದೊಂದೇ ಈಗಲೂ ನೆನಪಿರುವುದು.

ಆಮೇಲೆ ಗೆಳೆಯನಿಗೆ ದೂರದ ಊರಲ್ಲಿ ಮೇಷ್ಟ್ರ ಕೆಲಸವಾಯಿತು. ಏಳು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಮದುವೆ ಗೊತ್ತಾದಾಗ ಅವನು ಲಗ್ನಪತ್ರಿಕೆಯ ಅಂಚಿನಲ್ಲಿ ‘ಜಾಗ ಖಾಲಿ ಇದೆ ಕಣೋ’ ಎಂದು ಗೀಚಿ ಕಳಿಸಿದ. ಅದಕ್ಕೆ ಗುಮಾಸ್ತ ಕಳಿಸಿದ ಉತ್ತರ ಯಾವುದೆಂದು ನಿನಗೆ ಗೊತ್ತು. ‘ತಮ್ಮ ವಿವಾಹದ ವಾರ್ತೆ ತಿಳಿದು ಬಹಳ ಸಂತೋಷವಾಯಿತು.’

ನೆರೆಯವರು ಬಂದು ಕೇಳಿದರು. ತಂಗಿ ಬರೆದು ಬೈದಳು. ಗೆಳೆಯ ಬೈಯಲಿಲ್ಲ. ವಾರದಲ್ಲಿ ಅವನ ಉತ್ತರ ಬಂತು. ‘ತಮ್ಮ ಶುಭಾಶಯ ತಲುಪಿತು. ಧನ್ಯವಾದಗಳು. ದಯವಿಟ್ಟು ಬಿಡುವು ಮಾಡಿಕೊಂಡು ಬರಬೇಕಾಗಿ ವಿನಂತಿ.’

ಅದನ್ನು ಓದಿದ ಗುಮಾಸ್ತನಿಗೆ ತನ್ನ ತಪ್ಪು ಹೊಳೆಯಿತು. ಮದುವೆಗೆ ಓಡಿದ. ಅವನು ತಲುಪುವಾಗ ಮೆರವಣಿಗೆ ಹೊರಟಿತ್ತು. ಮದುಮಗನ ಪಕ್ಕದಲ್ಲಿ ಪೇಟ ಕಟ್ಟಿಕೊಂಡು ಬೇರೆ ಯಾರೋ ಮೇಷ್ಟ್ರು ಕೂತಿದ್ದರು. ಗುಮಾಸ್ತ ಜನರ ನಡುವೆ ನುಗ್ಗಿ ಹತ್ತಿರ ಹೋದ. ‘ಲೋ ಕುಂಬಳ’ ಎಂಬ ಮಾತು ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ಗೆಳೆಯ ಅವನನ್ನು ಕಂಡು ಎರಡೂ ಕೈ ಜೋಡಿಸಿದ. “ಬನ್ನಿ, ಬನ್ನಿ. ಅಷ್ಟು ದೂರದಿಂದ ಬಂದ್ರಿ, ತುಂಬಾ ಸಂತೋಷ. ಊಟ ಮಾಡ್ಕೊಂಡೇ ಹೋಗ್ಬೇಕು” ಎಂದ.

ಗಂಟಲಲ್ಲಿದ್ದ ಮಾತು ಅಲ್ಲೇ ಉಳಿಯಿತು. “ಶುಭವಾಗಲಿ ತಮಗೆ” ಎಂದ ಗುಮಾಸ್ತ. ಊಟಕ್ಕೆ ಒಳ್ಳೆಯ ಜಾಗ ಕೊಟ್ಟರು. ಹೋಳಿಗೆಯನ್ನು ಕೇಳಿ ಕೇಳಿ ಬಡಿಸಿದರು. ಉಂಡು ಎದ್ದು ಬಂದ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನಿಗೆ ಸಮಾಧಾನವಾಗಲಿಲ್ಲ. “ಒಂದು ಪತ್ರದಿಂದ ಇಷ್ಟೆಲ್ಲ ಆಗಬೇಕೇ? ಉಳಿದವರದು ಸರಿಹೋಯಿತಲ್ಲ, ಗೆಳೆಯನದು ಮಾತ್ರ ಏಕೆ ಸರಿಹೋಗಲಿಲ್ಲ?” ಎಂದ.

“ಮಾಲೀಕರೊಡನೆ ಅವನಿಗೆ ಕೆಲಸವಿತ್ತು. ನೆರೆಯವರೊಡನೆ ಗೋಡೆಯಿತ್ತು. ತಂಗಿಯೊಡನೆ ರಕ್ತವಿತ್ತು. ಮಾತು ತಪ್ಪಿದರೂ ಹಿಡಿದುಕೊಳ್ಳಲು ಬೇರೊಂದಿತ್ತು. ಗೆಳೆಯನೊಡನೆ ಇದ್ದದ್ದು ಆ ಮಾತೊಂದೇ” ಎಂದರು ಗುರುಗಳು.

“ಈಗ ಅವರಿಬ್ಬರೂ ಹೇಗಿದ್ದಾರೆ?”

“ಬಹಳ ಮರ್ಯಾದೆಯಿಂದ ಇದ್ದಾರೆ. ಅದಿರಲಿ ಚನ್ನವೀರ, ನಿನ್ನನ್ನು ‘ಲೋ’ ಎಂದು ಕರೆಯುವವರು ಈ ಲೋಕದಲ್ಲಿ ಇನ್ನೆಷ್ಟು ಮಂದಿ ಉಳಿದಿದ್ದಾರೆ?”

ಚನ್ನವೀರ ಎಣಿಸಲೆಂದು ಒಂದು ಬೆರಳು ಮಡಿಸಿದ; ಎರಡನೆಯದಕ್ಕೆ ಹೋಗದೆ ಕಾಗದ, ಲೇಖನಿ ಹುಡುಕಲು ಎದ್ದ.