ಪಾಪಣ್ಣನ ವಿಮಾನಕ್ಕೊಂದು ಶ್ರುತಿ

ಕಪಿಲಾ ನದಿಯ ದಂಡೆಯಲ್ಲಿ ಚೆಲುವಯ್ಯನವರ ಗುರುಕುಲ. ಸಂಗೀತ ಕಲಿಯಲು ಬಂದವರು ಅಲ್ಲೇ ಉಣ್ಣುತ್ತಿದ್ದರು, ಅಲ್ಲೇ ಮಲಗುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಹಳಬ ಸೌಮಿತ್ರಿ. ಒಳ್ಳೆಯ ಕಂಠ. ಅದು ಒಳ್ಳೆಯದೆಂಬುದು ಅವನಿಗೂ ಗೊತ್ತಿತ್ತು.

ಆ ವರ್ಷ ಲಂಡನ್ನಿನಿಂದ ಸಂಗೀತ ಕಚೇರಿಗೆ ಕರೆ ಬಂತು. ಗುರುಗಳ ಹಾಡು, ಸೌಮಿತ್ರಿಯ ತಂಬೂರಿ, ಪಾಪಣ್ಣನ ಮೃದಂಗ.

ಪಾಪಣ್ಣ ಆನೆಯಂಥ ಆಳು. ಊರಿಗೆಲ್ಲ ಕೇಳುವಂತೆ ನಗುವವನು. ಆದರೆ ವಿಮಾನವೆಂದರೆ ಅವನ ಮುಖ ಇಷ್ಟೇ ಇಷ್ಟಾಗುತ್ತಿತ್ತು. ಹಿಂದೊಮ್ಮೆ ದೆಹಲಿಗೆ ಹೊರಟವನು, ಬಾಗಿಲು ಮುಚ್ಚುವ ಮೊದಲೇ ಎದ್ದು, ಮೃದಂಗವನ್ನೂ ಬಿಟ್ಟು, ಮೆಟ್ಟಿಲಿಳಿದು ಬಂದಿದ್ದ. ಮೃದಂಗ ಮಾತ್ರ ದೆಹಲಿ ನೋಡಿಕೊಂಡು ಬಂತು.

"ಈ ಸಲವೂ ಇಳಿದರೆ ನನ್ನನ್ನು ಯಾರೂ ಕರೆಯೋದಿಲ್ಲ ಅಯ್ಯಾ," ಎಂದ ಪಾಪಣ್ಣ. "ಕರೆಯಲೂಬಾರದು. ಆದರೆ ಇಳಿದೇ ಇಳಿಯುತ್ತೀನಿ, ಅದೂ ಗೊತ್ತು."

ಗುರುಗಳು ಸೌಮಿತ್ರಿಯ ಕಡೆ ತಿರುಗಿದರು. "ಇವನನ್ನು ಕೂರಿಸುವಂಥ ಸಂಗೀತ ಮಾಡು."

ಸೌಮಿತ್ರಿಗೆ ಹಿಗ್ಗು. ಬಾಗಿಲು ಕಿಟಕಿ ಮುಚ್ಚಿ, ನೀಲಾಂಬರಿ ರಾಗವನ್ನು ಮಂದ್ರದಲ್ಲಿ, ಉಸಿರಿನಷ್ಟು ಮೆಲ್ಲಗೆ ಹಾಡಿ ಫೋನಿನಲ್ಲಿ ಹಿಡಿದಿಟ್ಟ. ಕೇಳಿದವರ ಕಣ್ಣು ತಾನಾಗಿ ಮುಚ್ಚಿತು.

ಗುರುಗಳು ಮಾತ್ರ ಅದನ್ನು ಕೇಳಲಿಲ್ಲ. "ಹೊಳೆಯ ಪಂಪ್‌ಹೌಸಿಗೆ ಹೋಗು. ಮೋಟಾರಿನ ಪಕ್ಕ ಕೂತು ಕೇಳು," ಎಂದರು.

ಸೌಮಿತ್ರಿ ಹೋಗಿ ಕೂತ. ಮೋಟಾರು ಗುಂಯ್ ಎನ್ನುತ್ತಿತ್ತು. ಮಂದ್ರದ ಸ್ವರಗಳು ಆ ಸದ್ದಿನಲ್ಲಿ ಉಪ್ಪು ನೀರಿನಲ್ಲಿ ಕರಗುವ ಹಾಗೆ ಕರಗಿಹೋದವು. ತಂಬೂರಿಯಂತೂ ಇರಲೇ ಇಲ್ಲ. ಕೇಳಿಸಲೆಂದು ಸದ್ದು ಹೆಚ್ಚಿಸಿದರೆ, ಎಲ್ಲೋ ಒಂದು ಕಡೆ ಮೇಲೇರಿದ ಅವನದೇ ದನಿ ಕಿವಿಗೆ ಚುಚ್ಚಿತು.

ಹಿಂದಿರುಗಿ ಬಂದು ಕೇಳಿದ. "ವಿಮಾನದೊಳಗೂ ಹೀಗೇನಾ?"

"ಹತ್ತು ತಾಸು ಹೀಗೇ."

ಸೌಮಿತ್ರಿ ಮತ್ತೆ ಹಾಡಿದ. ಈ ಸಲ ಮಧ್ಯಸ್ಥಾಯಿಯಲ್ಲೇ ನಿಂತ. ತೀರಾ ಮೆಲ್ಲಗಿಲ್ಲ, ಎಲ್ಲೂ ಗಟ್ಟಿಯಿಲ್ಲ, ಒಂದೇ ಹದ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಕೊಂಡುತಂದ. ಪಂಪಿನ ಪಕ್ಕ ಕೂತರೂ ಸಣ್ಣ ಸದ್ದಿನಲ್ಲೇ ಎಲ್ಲ ಕೇಳಿಸಿತು.

"ಈಗ ಸರಿಯೇ ಗುರುಗಳೇ?"

"ಹೊಳೆಯ ಸೋಪಾನ ಹತ್ತಿ ಇಳಿದು ಬಾ. ಓಡಿಕೊಂಡು. ನಾನು ಸಾಕು ಅನ್ನುವವರೆಗೂ."

ಗುರುಗಳು ಬೇಗ ಸಾಕು ಎನ್ನಲಿಲ್ಲ. ಸೌಮಿತ್ರಿ ಏದುಸಿರು ಬಿಡುತ್ತ ಬಂದು ಕುಸಿದು ಕೂತಾಗ ಅವನ ಕಿವಿಗೆ ಹೆಡ್‌ಫೋನ್ ಇಟ್ಟರು.

ಎದೆ ದಡದಡ ಎನ್ನುತ್ತಿದೆ. ಕಿವಿಯಲ್ಲಿ ಅವನದೇ ನೀಲಾಂಬರಿ ಆಮೆಯ ಹಾಗೆ ತೆವಳುತ್ತಿದೆ. ಒಂದು ಸ್ವರ ಮುಗಿಯುವುದರೊಳಗೆ ಎದೆ ಹತ್ತು ಸಲ ಹೊಡೆಯಿತು. ಸಿಟ್ಟು ಬಂತು. ಹೆಡ್‌ಫೋನ್ ಕಿತ್ತಿಟ್ಟ.

"ಯಾಕಪ್ಪ? ಚೆನ್ನಾಗಿ ಹಾಡಿಲ್ಲವೇ ಅವನು?" ಎಂದರು ಗುರುಗಳು.

ಸೌಮಿತ್ರಿಗೆ ನಗು ಬಂತು. ಉಸಿರು ಸಾಲದೆ ಅರ್ಧಕ್ಕೇ ನಿಂತಿತು.

"ಹೆದರಿದವನೂ ಓಡುತ್ತಲೇ ಇರುತ್ತಾನೆ, ಕೂತಲ್ಲೇ," ಎಂದರು ಗುರುಗಳು. "ಓಡುವವನ ಜೊತೆಗೆ ಮೊದಲು ನಾಲ್ಕು ಹೆಜ್ಜೆ ಓಡಬೇಕು."

ಮೂರನೆಯ ಸಲ ಸೌಮಿತ್ರಿ ಚುರುಕಾಗಿಯೇ ಶುರುಮಾಡಿದ. ದಡಬಡಿಸುವ ಎದೆಯ ವೇಗಕ್ಕೆ ಸರಿಯಾಗಿ. ಆಮೇಲೆ, ಕೇಳುವವನಿಗೆ ತಿಳಿಯದಷ್ಟು ನಿಧಾನವಾಗಿ, ಕಾಲವನ್ನು ಇಳಿಸುತ್ತ ಹೋದ. ಒಂದು ತಾಸು ಕಳೆಯುವಾಗ ಹಾಡು ಮಲಗಿದವನ ಎದೆಯ ಹಾಗೆ ನಡೆಯುತ್ತಿತ್ತು. ಪ್ರತಿ ಸಾಲಿನ ಕೊನೆಯಲ್ಲೂ ಒಂದು ಉದ್ದನೆಯ ಸ್ವರ ಇಟ್ಟ. ಕೇಳುವವನು ಅದರ ಜೊತೆ "ಮ್" ಎಂದು ಗುನುಗಿದರೆ ಉಸಿರು ತಾನಾಗಿ ಉದ್ದಕ್ಕೆ ಹೊರಗೆ ಹೋಗಬೇಕು. ಕಾಲ ಎದ್ದು ಕಾಣಲೆಂದು ಹಳೆಯ ಧ್ವನಿಮುದ್ರಣದಿಂದ ಯಾರದೋ ಮೃದಂಗವನ್ನೂ ಸೇರಿಸಿದ.

ಊಟವಾದ ಮೇಲೆ ಪಾಪಣ್ಣ ಜಗಲಿಯಲ್ಲಿ ಒರಗಿ ಕೇಳಿದ. ಆಮೇಲೆ ನೆಟ್ಟಗೆ ಕೂತ.

"ಯಾರಯ್ಯ ಇವನು? ಎಡಗೈ ಎಲ್ಲಿಟ್ಟಿದ್ದಾನೆ, ಜೇಬಿನಲ್ಲೋ?"

"ಪಾಪಣ್ಣನವರೇ, ಮಲಗಿಕೊಂಡು ಕೇಳಿ."

"ಇದನ್ನು ಕೇಳಿ ಮಲಗೋದಾ? ಅಲ್ಲಿ ನೋಡು, ಮತ್ತೆ ಓಡಿದ! ಇವನನ್ನು ವಿಮಾನದಿಂದ ಇಳಿಸು, ನಾನು ಹತ್ತುತ್ತೀನಿ."

ಸೌಮಿತ್ರಿ ತಲೆ ತಗ್ಗಿಸಿ ಗುರುಗಳ ಬಳಿ ಬಂದ. ಅವರು ಒಳಗಿನಿಂದ ಎಲ್ಲವನ್ನೂ ಕೇಳಿ ನಗುತ್ತಿದ್ದರು.

"ಅಡುಗೆಯವನಿಗೇ ನೀನು ಊಟ ಬಡಿಸಿದೆ. ಉಪ್ಪು ನೋಡದೆ ಬಿಡುತ್ತಾನೆಯೇ?"

ಹಾಡಿನಿಂದ ಮೃದಂಗ ಹೋಯಿತು. ಜಾಗ ಖಾಲಿ ಉಳಿಯಿತು. ಮಾರನೆಯ ದಿನ ಕೇಳುತ್ತ ಕೂತ ಪಾಪಣ್ಣನ ಬೆರಳುಗಳು ತಾವಾಗಿ ತೊಡೆಯ ಮೇಲೆ ಆಡತೊಡಗಿದವು. ಹಾಡು ಇಳಿದಂತೆ ಬೆರಳೂ ಇಳಿಯಿತು. ಬೆರಳಿನ ಹಿಂದೆ ಉಸಿರು. ಕೊನೆಗೆ ಗೊರಕೆ.

"ದಿನವೂ ಊಟದ ಮೇಲೆ ಇದನ್ನೇ ಕೇಳಿಸು," ಎಂದರು ಗುರುಗಳು. "ವಿಮಾನದಲ್ಲಿ ಮೊದಲ ಸಲ ಕೇಳಿದರೆ ಆ ಹೊಸ ಹಾಡೂ ಅವನಿಗೆ ಒಂದು ವಿಮಾನವೇ."

"ಇನ್ನೇನಾದರೂ ಉಳಿಯಿತೇ?"

"ಮುಕ್ತಾಯ ತೆಗೆದುಹಾಕು."

ಸೌಮಿತ್ರಿಯ ಮುಖ ಬಾಡಿತು. ಕೊನೆಯಲ್ಲಿ ಅವನು ಬಹಳ ಚೆಂದದ ಮುಕ್ತಾಯವೊಂದನ್ನು ಹೆಣೆದಿದ್ದ. "ತೆಗೆದರೆ ಹಾಡು ಮುಗಿದದ್ದೇ ಗೊತ್ತಾಗುವುದಿಲ್ಲ, ಗುರುಗಳೇ."

"ಹೂಂ," ಎಂದರು ಗುರುಗಳು, ಎದ್ದು ಹೋದರು.

ಸೌಮಿತ್ರಿ ಮನಸ್ಸಿಲ್ಲದ ಮನಸ್ಸಿನಿಂದ ಮುಕ್ತಾಯ ತೆಗೆದ. ಹಾಡು ತೆಳುವಾಗುತ್ತ ಬಂದು, ತಂಬೂರಿ ಮಾತ್ರ ಉಳಿದು, ಅದೂ ಎಲ್ಲಿ ನಿಂತಿತೆಂದು ತಿಳಿಯದ ಹಾಗೆ ಮಾಡಿದ.

ಹೊರಡುವ ದಿನ ಬಂತು. ಹಾಡು ಫೋನಿನೊಳಗೇ ಇದೆಯೇ ಎಂದು ಸೌಮಿತ್ರಿ ಎರಡು ಸಲ ನೋಡಿಕೊಂಡ. ಮೇಲೆ ಹೋದ ಮೇಲೆ ನೆಟ್‌ವರ್ಕ್ ಇರುವುದಿಲ್ಲ. ಪಾಪಣ್ಣನನ್ನು ರೆಕ್ಕೆಯ ಹತ್ತಿರದ ಸಾಲಿನಲ್ಲಿ, ಕುಲುಕಾಟ ಕಡಿಮೆ ಇರುವ ಕಡೆ, ತಮ್ಮಿಬ್ಬರ ನಡುವೆ ಕೂರಿಸಿದರು.

ಬಾಗಿಲು ಮುಚ್ಚುವ ಹೊತ್ತಿಗೆ ಪಾಪಣ್ಣ ಎದ್ದು ನಿಂತ. "ಅಯ್ಯಾ, ನಾನು ಇಳೀತೀನಿ. ಮೃದಂಗ ಬರಲಿ, ಅದಕ್ಕೆ ಅಭ್ಯಾಸ ಇದೆ."

ಗುರುಗಳು ಅವನನ್ನು ತಡೆಯಲಿಲ್ಲ. "ಹೋಗು. ಆದರೆ ಸೌಮಿತ್ರಿ ಹಾಡಿನಲ್ಲಿ ಒಂದು ಕಡೆ ಕಾಲ ತಪ್ಪಿದ್ದಾನೆ ಅಂತ ನನಗೆ ಅನುಮಾನ. ಎಲ್ಲಿ ಅಂತ ಕೇಳಿ ಹೇಳಿ ಹೋಗು."

"ಎಲ್ಲಿ ತಪ್ಪಿದ? ದಿನಾ ಕೇಳಿದ್ದೀನಲ್ಲ!" ಪಾಪಣ್ಣ ಧಪ್ಪನೆ ಕೂತು ಹೆಡ್‌ಫೋನ್ ಏರಿಸಿದ. ಚುರುಕಾದ ಹಾಡು ಅವನ ಎದೆಯ ಜೊತೆಗೆ ಓಡತೊಡಗಿತು. ಬೆರಳು ತೊಡೆಗೆ ಬಿತ್ತು. ಬಾಗಿಲು ಮುಚ್ಚಿತು. ಅವನು ತಪ್ಪು ಹುಡುಕುತ್ತಲೇ ಇದ್ದ.

ವಿಮಾನ ನೆಲ ಬಿಟ್ಟಿತು. ಸ್ವಲ್ಪ ಹೊತ್ತಿಗೆ ಎಂಜಿನ್ನಿನ ಅಬ್ಬರ ಒಮ್ಮೆಲೇ ಇಳಿಯಿತು. ಪಾಪಣ್ಣ ಸೌಮಿತ್ರಿಯ ಮೊಣಕೈ ಹಿಡಿದ ರಭಸಕ್ಕೆ ಅವನು ಕೂಗಬೇಕಾಯಿತು.

"ನಿಂತುಹೋಯ್ತು!"

"ಇಲ್ಲ ಪಾಪಣ್ಣ," ಎಂದರು ಗುರುಗಳು. "ಏಳುವಾಗ ಪೂರ್ತಿ ಬಲ ಬೇಕಿತ್ತು. ಈಗ ಅಷ್ಟು ಬೇಡ. ಕಚೇರಿಯಲ್ಲಿ ಮೊದಲ ಹಾಡಿನ ಬಲವನ್ನೇ ಕೊನೆಯವರೆಗೂ ಬಾರಿಸುತ್ತೀಯಾ?"

"ಸತ್ತೇಹೋಗ್ತೀನಿ."

"ಅದಕ್ಕೇ ವಿಮಾನ ನಡೆಸುವವನೂ ಇಳಿಸಿದ."

ಪಾಪಣ್ಣ "ಮ್" ಎಂದು ಗುನುಗಿದ. ಉಸಿರು ಉದ್ದಕ್ಕೆ ಹೋಯಿತು.

ಮೋಡಗಳ ಮೇಲೆ ಎಳೆಬಿಸಿಲು. ಹಾಡು ಇಳಿಯಿತು, ಬೆರಳು ಇಳಿಯಿತು. ಪಾಪಣ್ಣ ಕೊಟ್ಟದ್ದನ್ನೆಲ್ಲ ತಿಂದು, ಸೌಮಿತ್ರಿಯ ಪಾಲಿನ ಸಿಹಿಯನ್ನೂ ತಿಂದ.

ಮಧ್ಯದಾರಿಯಲ್ಲಿ ವಿಮಾನ ಕುಲುಕಾಡತೊಡಗಿತು. ಬೆಲ್ಟ್ ಹಾಕಿಕೊಳ್ಳಿ ಎಂಬ ದೀಪ ಹತ್ತಿತು. ಪಾಪಣ್ಣನ ಹಣೆಯಲ್ಲಿ ಬೆವರು.

ಸೌಮಿತ್ರಿ ಫೋನು ತೆಗೆದು ಹಾಡಿನ ಕೊನೆಯ, ಎಲ್ಲಕ್ಕಿಂತ ಶಾಂತವಾದ ಭಾಗಕ್ಕೆ ಬೆರಳು ಒಯ್ದ. ಅಷ್ಟರಲ್ಲಿ ಸೋಪಾನ ನೆನಪಾಯಿತು. ಬೆರಳನ್ನು ಹಿಂದಕ್ಕೆಳೆದು ಹಾಡನ್ನು ಮೊದಲಿನಿಂದ, ಆ ಚುರುಕು ನಡೆಯಿಂದ ಹಚ್ಚಿದ.

ಗುರುಗಳು ಕಿಟಕಿಯ ಕಡೆ ನೋಡುತ್ತಿದ್ದರು. ಅವರ ಮೀಸೆ ಮಾತ್ರ ಅಲುಗಿತು.

ಕುಲುಕಾಟ ನಿಂತ ಮೇಲೂ ಹಾಡು ಇಳಿಯುತ್ತಲೇ ಹೋಯಿತು. ತೆಳುವಾಯಿತು. ತಂಬೂರಿ ಉಳಿಯಿತು. ಅದೂ ಮುಗಿಯಿತು. ಹೆಡ್‌ಫೋನು ಜಾರಿ ಪಾಪಣ್ಣನ ಕುತ್ತಿಗೆಗೆ ಬಿದ್ದಿತ್ತು. ಅವನ ಕಣ್ಣು ಮುಚ್ಚಿತ್ತು, ಆದರೆ ಬೆರಳು ನಿಂತಿರಲಿಲ್ಲ.

ಸೌಮಿತ್ರಿ ಗಾಬರಿಯಿಂದ ಹಾಡನ್ನು ಮತ್ತೆ ಹಚ್ಚಲು ಹೋದ. ಗುರುಗಳು ಅವನ ಕೈ ಹಿಡಿದರು.

ಪಾಪಣ್ಣ ಕಣ್ಣು ಬಿಡದೆ ಮಾತಾಡಿದ. "ಅಯ್ಯಾ, ಈ ವಿಮಾನಕ್ಕೆ ಎರಡು ಎಂಜಿನ್ನೇ?"

"ಎರಡು."

"ಎರಡರ ಶ್ರುತಿ ಒಂದೇ ಅಲ್ಲ. ಕೂದಲೆಳೆಯಷ್ಟು ವ್ಯತ್ಯಾಸ. ಅದಕ್ಕೇ ಊಂ... ಊಂ... ಅಂತ ಅಲೆ ಬರ್ತಾ ಇದೆ. ತಂಬೂರಿಯ ಎರಡು ತಂತಿ ಕೂಡಿಸುವಾಗ ಬರೋ ಹಾಗೆ." ತುಸು ಹೊತ್ತು ಕೇಳಿದ. "ನೋಡಿ, ಅಲೆ ಉದ್ದವಾಯ್ತು. ಕೂಡಿಸ್ತಿದ್ದಾನೆ, ಮುಂದೆ ಕೂತವನು. ಪರವಾಗಿಲ್ಲ, ಕಿವಿ ಇದೆ ಮನುಷ್ಯನಿಗೆ."

ಮತ್ತೆ "ಮ್" ಎಂದು ಗುನುಗಿದ. ಅದು ಸೌಮಿತ್ರಿಯ ಸ್ವರವಾಗಿರಲಿಲ್ಲ. ವಿಮಾನದ್ದಾಗಿತ್ತು. ಹಾಗೇ ನಿದ್ದೆ ಹೋದ.

ಲಂಡನ್ ಹತ್ತಿರವಾಗಿ ವಿಮಾನ ಇಳಿಯತೊಡಗಿದಾಗ ಗುರುಗಳು ಅವನನ್ನು ಎಬ್ಬಿಸಿ ಬಾಯಿಗೆ ಪೆಪ್ಪರ್‌ಮಿಂಟ್ ಹಾಕಿದರು. "ಚೀಪುತ್ತ ನುಂಗುತ್ತ ಇರು. ಕಿವಿ ಕಟ್ಟುವುದಿಲ್ಲ."

ಸೌಮಿತ್ರಿ ಹೆಡ್‌ಫೋನ್ ಕೊಡಹೋದ.

"ಈಗ ಬೇಡ ಮರಿ. ಇದನ್ನು ಕೇಳಬೇಕು," ಎಂದ ಪಾಪಣ್ಣ. ಕೆಳಗೆ ಚಕ್ರಗಳು ಧಡ್ ಎಂದು ಹೊರಚಾಚಿದವು. ಅವನು ಬೆಚ್ಚಿದ, ಒಂದು ಸಲ ಮಾತ್ರ. ತೊಡೆಯ ಮೇಲೆ ತಾಳ ಹಾಕುತ್ತ, ನೆಲ ಹತ್ತಿರ ಬಂದಂತೆ ಎಣಿಸುತ್ತ, ಚಕ್ರ ನೆಲ ಮುಟ್ಟಿದ ಗಳಿಗೆಗೆ ಅಂಗೈಯನ್ನು ಪಟ್ಟನೆ ಬಡಿದ.

"ಬಿತ್ತು ನೋಡು ತಾಳಕ್ಕೆ ಸರಿಯಾಗಿ!" ಎಂದು ನಕ್ಕ. ಹಿಂದಿನ ಸಾಲಿನಲ್ಲಿ ಮಲಗಿದ್ದ ಮಗುವೊಂದು ಎಚ್ಚರವಾಯಿತು.

ಸಾಮಾನಿಗೆ ಕಾಯುವಾಗ ಪಾಪಣ್ಣ ಮೃದಂಗವನ್ನು ಎದುರುಗೊಳ್ಳಲು ಮುಂದೆ ಹೋದ. ಸೌಮಿತ್ರಿ ಗುರುಗಳ ಪಕ್ಕಕ್ಕೆ ಸರಿದ. ತಡೆಯಲಾರದೆ ಕೇಳಿದ.

"ಗುರುಗಳೇ, ನನ್ನ ಹಾಡಿನಲ್ಲಿ ಯಾವ ಜಾಗ ಅವರ ಭಯ ಬಿಡಿಸಿತು?"

ಗುರುಗಳು ಶಾಲು ಸರಿಮಾಡಿಕೊಂಡರು.

"ನೀನು ನಿಲ್ಲಿಸಿದ ಜಾಗ."